ಫಿಫೊ ಪ್ರಕ್ರಿಯಾ ವೆಚ್ಚ: ಮೊತ್ತ ತಾಳೆಯಾಗಿದ್ದರೂ ಸಮಾನ ಘಟಕ ತಪ್ಪೆಂದು ಹೇಗೆ ತಿಳಿಯುವುದು?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಒಂದು ವಿಭಾಗದ ತಿಂಗಳ ವೆಚ್ಚಪತ್ರವನ್ನು, ಮೊದಲು ಬಂದ ಸರಕು ಮೊದಲು ಮುಗಿಯುತ್ತದೆ ಎಂದು ಹಿಡಿಯುವ ಫಿಫೊ ಪದ್ಧತಿಯಲ್ಲಿ ತಯಾರಿಸಿ ಮೇಲಧಿಕಾರಿಗಳಿಗೆ ಒಪ್ಪಿಸಿದ್ದೆ. ಅವರು ಕೂಲಿ, ಇಂಧನ, ಯಂತ್ರದಂತಹ ಪರಿವರ್ತನಾ ವೆಚ್ಚದ ಸಾಲಿನ ಕೆಳಗೆ ಗೆರೆ ಎಳೆದು, "ಆರಂಭಿಕ ಸರಕನ್ನು ಮತ್ತೊಮ್ಮೆ ನೋಡಿ" ಎಂದಷ್ಟೇ ಬರೆದು ಹಿಂದಿರುಗಿಸಿದ್ದಾರೆ. ನನಗೆ ಅರ್ಥವಾಗದಿರುವುದು ಇಷ್ಟೇ: ನನ್ನ ಲೆಕ್ಕದಲ್ಲಿ ಖರ್ಚಾದ ಮೊತ್ತಕ್ಕೂ ಹಂಚಿದ ಮೊತ್ತಕ್ಕೂ ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ. ಹಾಗಿರುವಾಗ ತಪ್ಪು ಎಲ್ಲಿ ಅಡಗಿದೆ?

ವಿವರ ಹೀಗಿದೆ. ತಿಂಗಳ ಮೊದಲ ದಿನ 800 ನಗ ಅರೆಸಿದ್ಧ ಸರಕು ಇತ್ತು. ಅದಕ್ಕೆ ಕಚ್ಚಾವಸ್ತು ಪೂರ್ತಿ ಸೇರಿತ್ತು, ಪರಿವರ್ತನೆಯ ಕೆಲಸ ಶೇ. 40 ಮುಗಿದಿತ್ತು. ಹಿಂದಿನ ತಿಂಗಳಿನಿಂದ ಬಂದ ಅದರ ಮೌಲ್ಯ 19,680 ರೂ.; ಇದರಲ್ಲಿ ಕಚ್ಚಾವಸ್ತು 15,200, ಪರಿವರ್ತನೆ 4,480. ಈ ತಿಂಗಳು ಹೊಸದಾಗಿ 4,200 ನಗ ಕೆಲಸಕ್ಕೆ ಹಾಕಿದೆವು, 4,400 ನಗ ಮುಗಿದು ಮುಂದಿನ ವಿಭಾಗಕ್ಕೆ ಹೋದವು, 600 ನಗ ಶೇ. 50 ಪರಿವರ್ತನೆಯಾಗಿ ಕೊನೆಗೆ ಉಳಿದವು. ಕಚ್ಚಾವಸ್ತು ಮೊದಲಿಗೇ ಪೂರ್ತಿ ಸೇರುತ್ತದೆ. ಈ ತಿಂಗಳ ಖರ್ಚು ಕಚ್ಚಾವಸ್ತುವಿಗೆ 84,000 ರೂ., ಪರಿವರ್ತನೆಗೆ 65,700 ರೂ.

ಪರಿವರ್ತನೆಯ ಸಮಾನ ಘಟಕವನ್ನು, ಅಂದರೆ ಆದ ಕೆಲಸ ಎಷ್ಟು ಪೂರ್ತಿ ನಗಕ್ಕೆ ಸಮ ಎಂಬುದನ್ನು, ನಾನು ಹೀಗೆ ತೆಗೆದೆ: ಆರಂಭಿಕ 800ರ ಶೇ. 40 ಎಂದರೆ 320, ಇದೇ ತಿಂಗಳು ತೊಡಗಿ ಇದೇ ತಿಂಗಳು ಮುಗಿದದ್ದು 3,600, ಕೊನೆಯ 600ರ ಶೇ. 50 ಎಂದರೆ 300, ಒಟ್ಟು 4,220. ದರ 15.57 ರೂ. ಬಂತು.

ಕಲ್ಲುಬೆಂಚು

ನಿಮ್ಮ ತೊಡಕು ಉಗ್ರಾಣದ ಖಾತೆಯಲ್ಲಿ ಇರಬಹುದು ಎಂದು ನನಗೆ ತೋರುತ್ತದೆ. ಫಿಫೊ ಎಂದ ಮೇಲೆ ಮೊದಲು ಕೊಂಡ ಕಚ್ಚಾವಸ್ತುವನ್ನೇ ಮೊದಲು ವಿತರಿಸಿದ್ದೀರಾ, ಹಳೆಯ ದರದ ದಾಸ್ತಾನು ಮುಗಿದ ಮೇಲೆಯೇ ಹೊಸ ದರ ಹಿಡಿದಿದ್ದೀರಾ ಎಂಬುದನ್ನು ಪರಿಶೀಲಿಸಿ. ನಮ್ಮಲ್ಲಿ ಇಂತಹ ಗೊಂದಲಗಳೆಲ್ಲ ವಿತರಣಾ ಚೀಟಿಯ ದರದಿಂದಲೇ ಹುಟ್ಟಿದ್ದವು.

ನೀಲಿಶಾಯಿ

ಉಗ್ರಾಣದ ದರದಲ್ಲಿ ತಕರಾರಿಲ್ಲ, ಸರ್. 84,000 ರೂಪಾಯಿಯನ್ನು ಎಲ್ಲರೂ ಒಪ್ಪಿದ್ದಾರೆ. ಆಕ್ಷೇಪ ಬಂದಿರುವುದು ಪರಿವರ್ತನೆಯ ಸಾಲಿಗೆ ಮಾತ್ರ.

ಬೆಳಗಿನಗಾಡಿ

ನೀವು ಶೇ. 40 ಎಂದು ಹಿಡಿದದ್ದೇ ತಪ್ಪು. ಆ 800 ನಗ ಈ ತಿಂಗಳು ಪೂರ್ತಿ ಮುಗಿದು ಹೊರಗೆ ಹೋಗಿವೆ. ಮುಗಿದ ಸರಕಿಗೆ ಯಾವತ್ತೂ ನೂರಕ್ಕೆ ನೂರು. ಆದ್ದರಿಂದ ಮುಗಿದ 4,400, ಕೊನೆಯ 300, ಒಟ್ಟು 4,700 ಆಗಬೇಕು. 65,700ನ್ನು ಅದರಿಂದ ಭಾಗಿಸಿದರೆ 13.98 ರೂ. ಬರುತ್ತದೆ. ನಾನು ಓದುವಾಗಿನಿಂದ ಹೀಗೆಯೇ ಮಾಡುತ್ತ ಬಂದಿದ್ದೇನೆ, ನನ್ನ ಲೆಕ್ಕವೂ ತಾಳೆಯಾಗುತ್ತದೆ.

ಗುಣಾಕಾರ

ಬೆಳಗಿನಗಾಡಿಯವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಶೇ. 40 ತಪ್ಪು ಎಂಬುದು ನಿಜ. ಆದರೆ ಅವರು ತೆಗೆದ 4,700 ತೂಕದ ಸರಾಸರಿ ಪದ್ಧತಿಯ ಸಂಖ್ಯೆ, ಅದಕ್ಕೆ ಹೊಂದುವ ಮೊತ್ತವೂ ಬೇರೆ. ಆ ಪದ್ಧತಿಯಲ್ಲಿ ಹಿಂದಿನ ತಿಂಗಳ 4,480 ರೂಪಾಯಿಯನ್ನು ಈ ತಿಂಗಳ 65,700ಕ್ಕೆ ಕೂಡಿಸಿ ಆಮೇಲೆ ಭಾಗಿಸುತ್ತಾರೆ. ಮೇಲೆ ಒಂದೇ ತಿಂಗಳ ಹಣ ಇಟ್ಟು, ಕೆಳಗೆ ಎರಡು ತಿಂಗಳ ಕೆಲಸ ಇಟ್ಟರೆ ದರ ಇಳಿಯದೆ ಇರಲು ಸಾಧ್ಯವಿಲ್ಲ.

ಫಿಫೊ ಕೇಳುವ ಪ್ರಶ್ನೆ ಒಂದೇ: ಈ ತಿಂಗಳು ತೆತ್ತ ಕೂಲಿಗೆ, ಸುಟ್ಟ ಇಂಧನಕ್ಕೆ, ಓಡಿಸಿದ ಯಂತ್ರಕ್ಕೆ ಪ್ರತಿಯಾಗಿ ಈ ತಿಂಗಳು ಎಷ್ಟು ಕೆಲಸ ಆಯಿತು? ಆ 800 ನಗಗಳ ಮಟ್ಟಿಗೆ ಶೇ. 40 ಕೆಲಸ ಹಿಂದಿನ ತಿಂಗಳೇ ಆಗಿ, ಅದರ ಹಣ 4,480 ರೂ. ಎಂದು ಆಗಲೇ ಬರೆದುಕೊಂಡದ್ದಾಗಿದೆ. ಈ ತಿಂಗಳು ಆದದ್ದು ಉಳಿದ ಶೇ. 60, ಅಂದರೆ 480. ಹಾಗಾಗಿ ಲೆಕ್ಕ ಹೀಗೆ ಬರಬೇಕು:

480 + 3,600 + 300 = 4,380
65,700 ÷ 4,380 = 15.00 ರೂ.

ಕಚ್ಚಾವಸ್ತುವಿನಲ್ಲಿ ಆ 800ಕ್ಕೆ ಈ ತಿಂಗಳು ಏನೂ ಸೇರಿಲ್ಲ. 3,600 ಮತ್ತು 600, ಒಟ್ಟು 4,200. ದರ 20 ರೂ.

ಕೊನೆಯ ಸರಕಿಗೆ "ಎಷ್ಟು ಆಗಿದೆ" ಎಂದು ಕೇಳುತ್ತೇವೆ, ಆರಂಭಿಕ ಸರಕಿಗೆ "ಎಷ್ಟು ಬಾಕಿ ಇತ್ತು" ಎಂದು ಕೇಳಬೇಕು. ವೆಚ್ಚಪತ್ರದಲ್ಲಿ ಎರಡೂ ಶೇಕಡಾವಾರುಗಳು ಅಕ್ಕಪಕ್ಕದಲ್ಲಿ ಒಂದೇ ರೂಪದಲ್ಲಿ ನಿಂತಿರುತ್ತವೆ. ಅದರಿಂದಲೇ ಕೈ ತಪ್ಪುತ್ತದೆ. ನಮ್ಮ ಕಚೇರಿಯ ನಮೂನೆಯಲ್ಲಿ ಆರಂಭಿಕ ಸರಕಿನ ಎದುರು "ಆದದ್ದು" ಎಂಬ ಕಾಲಮ್ಮಿನ ಪಕ್ಕದಲ್ಲೇ "ಬಾಕಿ" ಎಂಬ ಇನ್ನೊಂದು ಕಾಲಮ್ ಸೇರಿಸಿದ ಮೇಲೆ ಈ ತಪ್ಪು ಬಹಳ ಮಟ್ಟಿಗೆ ನಿಂತಿತು.

ನೀಲಿಶಾಯಿ

ಶೇ. 60 ಏಕೆಂದು ಈಗ ತಿಳಿಯಿತು. ಆದರೂ ಮೂಲ ಪ್ರಶ್ನೆ ಉಳಿದೇ ಇದೆ. ನನ್ನ ತಪ್ಪು ದರದಲ್ಲೂ ಲೆಕ್ಕ ಕೂಡಿಬಂತಲ್ಲ? ನಾನು ಹಂಚಿದ್ದು: ಆರಂಭಿಕ ಸರಕಿಗೆ 4,982, ನಡುವಿನ 3,600ಕ್ಕೆ 56,047, ಕೊನೆಯದಕ್ಕೆ 4,671. ಒಟ್ಟು 65,700. ತಾಳೆ ನೋಡುವುದೇ ತಪ್ಪು ಹಿಡಿಯುವುದಕ್ಕಲ್ಲವೇ?

ಗುಣಾಕಾರ

ಈ ತಾಳೆಗೆ ತಪ್ಪು ಹಿಡಿಯುವ ಶಕ್ತಿ ಇಲ್ಲ. 65,700ನ್ನು ಯಾವ ಸಂಖ್ಯೆಯಿಂದ ಭಾಗಿಸಿದಿರೋ, ಅದೇ ಸಂಖ್ಯೆಯನ್ನು ಮೂರು ತುಂಡು ಮಾಡಿ ಮತ್ತೆ ಗುಣಿಸಿದ್ದೀರಿ. ಹೀಗೆ ಮಾಡಿದಾಗ 4,220 ಆಗಲಿ, 4,700 ಆಗಲಿ, ಯಾವ ಸಂಖ್ಯೆ ಹಿಡಿದರೂ 65,700 ಮರಳಿ ಬಂದೇ ಬರುತ್ತದೆ. ಕೂಡುವ ತಪ್ಪು, ಒಂದು ಸಾಲು ಬಿಟ್ಟುಹೋದ ತಪ್ಪು ಇದರಲ್ಲಿ ಸಿಗುತ್ತವೆ. ಸಮಾನ ಘಟಕದ ತಪ್ಪು ಸಿಗುವುದಿಲ್ಲ.

ಅದನ್ನು ಹಿಡಿಯಲು ನಾನು ಬಳಸುವ ಪರೀಕ್ಷೆ ಬೇರೆ. ಆ 800 ನಗಗಳ ಪೂರ್ಣ ವೆಚ್ಚವನ್ನು ಪ್ರತ್ಯೇಕವಾಗಿ ತೆಗೆದು, ಒಂದು ನಗಕ್ಕೆ ಎಷ್ಟಾಯಿತು ಎಂದು ನೋಡಿ. ಹಿಂದಿನ ತಿಂಗಳ ದರ ನಿಮ್ಮ ಅಂಕಿಗಳಲ್ಲೇ ಇದೆ: ಕಚ್ಚಾವಸ್ತು 15,200 ÷ 800 ಎಂದರೆ 19, ಪರಿವರ್ತನೆ 4,480 ÷ 320 ಎಂದರೆ 14, ಒಟ್ಟು 33 ರೂ. ಈ ತಿಂಗಳ ದರ 20 ಮತ್ತು 15, ಒಟ್ಟು 35 ರೂ. ಆ 800 ನಗಗಳಲ್ಲಿ ಹಿಂದಿನ ತಿಂಗಳ ಕೆಲಸವೂ ಈ ತಿಂಗಳ ಕೆಲಸವೂ ಸೇರಿವೆ, ಎರಡೂ ಕೂಡಿ ಪೂರ್ತಿ ಒಂದು ನಗ ಆಗಿದೆ. ಆದ್ದರಿಂದ ಅದರ ವೆಚ್ಚ 33 ಮತ್ತು 35ರ ನಡುವೆ ಎಲ್ಲೋ ಬೀಳಲೇಬೇಕು.

ಸರಿಯಾದ ಲೆಕ್ಕದಲ್ಲಿ 19,680ಕ್ಕೆ 480 × 15, ಅಂದರೆ 7,200 ಸೇರಿಸಿದರೆ 26,880, ನಗಕ್ಕೆ 33.60. ನಡುವೆ ಬಿತ್ತು. ನಿಮ್ಮ ಲೆಕ್ಕದಲ್ಲಿ 19,680ಕ್ಕೆ 4,982 ಸೇರಿ 24,662, ನಗಕ್ಕೆ 30.83. ಎರಡು ತಿಂಗಳ ದರಗಳಿಗಿಂತಲೂ ಕಡಿಮೆ! ಶೇ. 40 ಮತ್ತು ಶೇ. 40 ಸೇರಿ ಶೇ. 80 ಕೆಲಸಕ್ಕೆ ಮಾತ್ರ ಹಣ ಹಾಕಿ, ನೂರಾಗಿದೆ ಎಂದು ಹೊರಗೆ ಕಳುಹಿಸಿದ್ದೀರಿ. ಬೆಳಗಿನಗಾಡಿಯವರ ದರದಲ್ಲಿ 800 × 13.98, ಸುಮಾರು 11,183 ಸೇರಿ ನಗಕ್ಕೆ 38.58 ಬರುತ್ತದೆ. ಅಲ್ಲಿ ಶೇ. 140 ಕೆಲಸಕ್ಕೆ ಹಣ ಬಿದ್ದಿದೆ. ಒಂದು ತಪ್ಪು ಗಡಿಯ ಕೆಳಗೆ ಹೋಯಿತು, ಇನ್ನೊಂದು ಗಡಿಯ ಮೇಲೆ ಹೋಯಿತು. ತಾಳೆಯ ಮೊತ್ತ ಮಾತ್ರ ಎರಡರಲ್ಲೂ ಕೂಡಿಬಂತು.

ಸಂಖ್ಯೆಗಳ ಮಟ್ಟದಲ್ಲಿ ಇನ್ನೊಂದು ಚಿಕ್ಕ ಪರೀಕ್ಷೆಯೂ ಇದೆ. ತೂಕದ ಸರಾಸರಿಯ 4,700ರಿಂದ ಹಿಂದಿನ ತಿಂಗಳೇ ಆಗಿಹೋದ 320ನ್ನು ಕಳೆದರೆ 4,380 ಬರಬೇಕು.

ಬೆಳಗಿನಗಾಡಿ

38.58ನ್ನು ಕಂಡ ಮೇಲೆ ನನ್ನ ಕ್ರಮವನ್ನು ಸಮರ್ಥಿಸಲಾರೆ. ಇಷ್ಟು ದಿನ ನಾನು ಫಿಫೊ ಎಂದು ಬರೆದು ಬೇರೆಯದನ್ನೇ ಮಾಡುತ್ತಿದ್ದೆ ಎಂದಾಯಿತು. ಆದರೆ ಒಂದು ಮಾತು ಕೇಳಬೇಕಿದೆ. ಆರಂಭಿಕ ಸರಕು ಇಷ್ಟು ತೊಡಕು ತರುವುದಾದರೆ ತೂಕದ ಸರಾಸರಿಯನ್ನೇ ಸರಿಯಾಗಿ ಮಾಡಿ ಮುಗಿಸಬಾರದೇಕೆ? ಕೊನೆಯ ಸರಕಿನ ಮೌಲ್ಯದಲ್ಲಿ ಅಷ್ಟೇನು ವ್ಯತ್ಯಾಸ ಬಂದೀತು?

ಗುಣಾಕಾರ

ಕೊನೆಯ ಸರಕಿನ ಮಟ್ಟಿಗೆ ನಿಮ್ಮ ಮಾತು ಸರಿ. ಫಿಫೊದಲ್ಲಿ ಅದು 600 × 20 ಮತ್ತು 300 × 15, ಒಟ್ಟು 16,500. ತೂಕದ ಸರಾಸರಿಯಲ್ಲಿ ಸುಮಾರು 16,384. ನೂರು ಚಿಲ್ಲರೆ ರೂಪಾಯಿಯ ವ್ಯತ್ಯಾಸಕ್ಕಾಗಿ ಯಾರೂ ಪದ್ಧತಿ ಬದಲಿಸುವುದಿಲ್ಲ. ದಾಸ್ತಾನಿನ ಬಗೆಗಿನ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ, ಐಎಎಸ್ 2, ಎರಡಕ್ಕೂ ಒಪ್ಪಿಗೆ ಕೊಟ್ಟಿದೆ.

ವ್ಯತ್ಯಾಸ ಕಾಣುವುದು ದರದಲ್ಲಿ. ಹಿಂದಿನ ತಿಂಗಳು 33 ಇದ್ದದ್ದು ಈ ತಿಂಗಳು 35 ಆಗಿದೆ ಎಂದು ಫಿಫೊ ನೇರವಾಗಿ ಹೇಳುತ್ತದೆ. ತೂಕದ ಸರಾಸರಿ 34.77 ಎನ್ನುತ್ತದೆ, ಹಿಂದಿನ ತಿಂಗಳ ಅಗ್ಗದ ಕೆಲಸ ಈ ತಿಂಗಳ ದರದೊಳಗೆ ಕರಗಿಹೋಗಿದೆ. ಇಲ್ಲಿ ಆರಂಭಿಕ ಸರಕು ಕಡಿಮೆ ಇರುವುದರಿಂದ ಅಂತರ ಚಿಕ್ಕದು. ಅದೇ 800ರ ಜಾಗದಲ್ಲಿ 3,000 ನಗ ಇದ್ದಿದ್ದರೆ ಈ ತಿಂಗಳ ಏರಿಕೆಯ ಗಣನೀಯ ಪಾಲು ಕಣ್ಣಿಗೆ ಬೀಳುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥರನ್ನು ಈ ತಿಂಗಳ ಖರ್ಚಿಗೆ ಹೊಣೆ ಮಾಡುವುದಾದರೆ ಈ ತಿಂಗಳ ದರವನ್ನೇ ಅವರ ಮುಂದೆ ಇಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫಿಫೊಗೂ ಒಂದು ಮಿತಿ ಇದೆ, ಅದನ್ನೂ ಹೇಳಬೇಕು. 33.60ರ 800 ನಗಗಳೂ 35ರ 3,600 ನಗಗಳೂ ಮುಂದಿನ ವಿಭಾಗಕ್ಕೆ ಹೋದ ಮೇಲೆ ಸಾಮಾನ್ಯವಾಗಿ ಅವನ್ನು ಬೇರೆಯಾಗಿ ಇಡುವುದಿಲ್ಲ. 1,52,880 ರೂಪಾಯಿಯನ್ನು 4,400ರಿಂದ ಭಾಗಿಸಿ, ಸುಮಾರು 34.75ರ ಒಂದೇ ದರದಲ್ಲಿ ಒಳಗೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಈ ಪದರ ಪದರದ ಲೆಕ್ಕ ಒಂದು ವಿಭಾಗದ ಬಾಗಿಲಿನವರೆಗೆ ಮಾತ್ರ ಬದುಕಿರುತ್ತದೆ.

ಮರಳುಗಡಿಯಾರ

ಈ ಚರ್ಚೆಯನ್ನು ಓದುತ್ತಿದ್ದಂತೆ ನನ್ನ ವಿಭಾಗದ ಲೆಕ್ಕ ತೆರೆದು ಕುಳಿತೆ. ನಮ್ಮಲ್ಲಿ ಡಬ್ಬಿಗಳಿಗೆ ಮುಚ್ಚಳ ಹಾಕುವುದು ಕೆಲಸ ಶೇ. 75ಕ್ಕೆ ಬಂದಾಗ. ಆರಂಭದಲ್ಲಿ ಶೇ. 80 ಮುಗಿದ 500 ಡಬ್ಬಿ ಇದ್ದವು, 3,000 ಮುಗಿದವು, ಕೊನೆಗೆ ಶೇ. 70 ಮುಗಿದ 400 ಉಳಿದವು. ಈ ತಿಂಗಳು ಮುಚ್ಚಳಕ್ಕೆ 20,000 ರೂ. ಖರ್ಚಾಗಿದೆ. ನೀವು ಹೇಳಿದಂತೆ ಆರಂಭಿಕ ಸರಕಿಗೆ ಬಾಕಿ ಶೇ. 20, ಅಂದರೆ 100, ನಡುವಿನದು 2,500, ಕೊನೆಯದು ಶೇ. 70, ಅಂದರೆ 280. ಒಟ್ಟು 2,880. ನಾನು ಸರಿಯಾದ ದಾರಿಯಲ್ಲಿಯೇ ಇದ್ದೇನೆ, ಅಲ್ಲವೇ?

ಗುಣಾಕಾರ

ಇಲ್ಲ, ಅಮ್ಮಾ. ಬಾಕಿ ಶೇಕಡಾ ನಿಧಾನವಾಗಿ ಸೇರುತ್ತ ಹೋಗುವ ಕೂಲಿಗೆ, ಯಂತ್ರದ ಖರ್ಚಿಗೆ ಹೊಂದುತ್ತದೆ. ಮುಚ್ಚಳ ಹಾಗೆ ಸೇರುವುದಿಲ್ಲ. ಡಬ್ಬಿಗೆ ಮುಚ್ಚಳ ಒಂದೋ ಇರುತ್ತದೆ, ಇಲ್ಲವೇ ಇರುವುದಿಲ್ಲ, ಶೇ. 70 ಮುಚ್ಚಳ ಹಾಕಿದ ಡಬ್ಬಿಯನ್ನು ಯಾರೂ ನೋಡಿಲ್ಲ.

ಆರಂಭದ 500 ಡಬ್ಬಿಗಳು ಶೇ. 80 ದಾಟಿದ್ದರಿಂದ ಅವುಗಳಿಗೆ ಹಿಂದಿನ ತಿಂಗಳೇ ಮುಚ್ಚಳ ಬಿದ್ದಾಗಿದೆ, ಈ ತಿಂಗಳು ಸೊನ್ನೆ. ಕೊನೆಯ 400 ಡಬ್ಬಿಗಳು ಶೇ. 75ನ್ನು ಇನ್ನೂ ಮುಟ್ಟಿಲ್ಲ, ಅವಕ್ಕೂ ಸೊನ್ನೆ. ಉಳಿದದ್ದು 2,500, ದರ 8 ರೂ. ನಿಮ್ಮ 2,880ರಲ್ಲಿ ದರ 6.94ಕ್ಕೆ ಇಳಿಯುತ್ತದೆ, ಕೊನೆಯ ಸರಕಿನಲ್ಲಿ 1,944 ರೂಪಾಯಿಯ ಮುಚ್ಚಳ ಕಾಣಿಸಿಕೊಳ್ಳುತ್ತದೆ. ಆದರೆ ಆ ಡಬ್ಬಿಗಳ ಬಾಯಿ ತೆರೆದೇ ಇದೆ.

ಉಗ್ರಾಣದಿಂದ ತಂದು ಬಳಸಿದ ಮುಚ್ಚಳಗಳ ಸಂಖ್ಯೆಯನ್ನು ವಿತರಣಾ ಚೀಟಿಗಳಿಂದ ಕೂಡಿಸಿ ನೋಡಿ. 2,500ರ ಹತ್ತಿರ ಬರಬೇಕು.

ಮರಳುಗಡಿಯಾರ

ಚೀಟಿಗಳನ್ನು ಕೂಡಿಸಿದೆ. ವಿತರಿಸಿದ್ದು 2,520, ಸೊಟ್ಟಗಾದವೆಂದು ಹಿಂದಿರುಗಿಸಿದ್ದು 20. ಸರಿಯಾಗಿ 2,500. ನಾಲ್ಕು ತಿಂಗಳಿನಿಂದ ಇದೇ ತಪ್ಪನ್ನು ಮಾಡಿದ್ದೇನೆ, ಎಲ್ಲವನ್ನೂ ಮತ್ತೆ ಮಾಡಬೇಕು. ನೀಲಿಶಾಯಿಯವರ ಲೆಕ್ಕದಲ್ಲಿ ಇಂತಹ ಮುಚ್ಚಳ ಇದ್ದಿದ್ದರೆ?

ನೀಲಿಶಾಯಿ

ಇದಕ್ಕೆ ನಾನೇ ಉತ್ತರಿಸಲು ಪ್ರಯತ್ನಿಸುತ್ತೇನೆ. ನನ್ನ ಆರಂಭಿಕ 800 ನಗ ಶೇ. 40ರಲ್ಲಿ ಇದ್ದವು, ಅಂದರೆ ಶೇ. 75ಕ್ಕೆ ಬಂದದ್ದು ಈ ತಿಂಗಳು. ಆದ್ದರಿಂದ 480 ಅಲ್ಲ, ಪೂರ್ತಿ 800. ನಡುವಿನದು 3,600, ಕೊನೆಯದು ಶೇ. 50ರಲ್ಲೇ ನಿಂತದ್ದರಿಂದ ಸೊನ್ನೆ. ಒಟ್ಟು 4,400.

ಗುಣಾಕಾರ

ಸರಿಯಾಗಿದೆ. ಒಂದೇ 800 ನಗ ಮೊದಲಿಗೆ ಸೇರುವ ವಸ್ತುವಿಗೆ ಸೊನ್ನೆ, ಪರಿವರ್ತನೆಗೆ 480, ಮುಚ್ಚಳಕ್ಕೆ 800 ಆಗುತ್ತವೆ. ಪ್ರತಿಯೊಂದು ವೆಚ್ಚಕ್ಕೂ ಬೇರೆ ಬೇರೆ ಸಾಲು ಬೇಕಾಗುವುದು ಇದಕ್ಕಾಗಿಯೇ.

ತೂಗುಸೇತುವೆ

ನಾನು ಲೆಕ್ಕಪತ್ರ ವಿಭಾಗದವನಲ್ಲ, ಉತ್ಪಾದನಾ ಮೇಲ್ವಿಚಾರಕ. ತಿಂಗಳ ಕೊನೆಯ ದಿನ ಅರೆಸಿದ್ಧ ಸರಕು ಎಷ್ಟು ಮುಗಿದಿದೆ ಎಂದು ನಿಮಗೆ ಬರೆದುಕೊಡುವುದು ನನ್ನಂಥವರೇ. ನಿಜ ಹೇಳಬೇಕೆಂದರೆ ಆ ಶೇ. 40 ಎಂಬುದು ಕಣ್ಣಳತೆ. ಸಂಜೆ ಪಾಳಿ ಮುಗಿಯುವ ಹೊತ್ತಿಗೆ ಯಂತ್ರದ ಸಾಲಿನ ಉದ್ದಕ್ಕೂ ಒಮ್ಮೆ ನಡೆದು, ಸರಕಿನ ಹೆಚ್ಚಿನ ಪಾಲು ಎಲ್ಲಿ ನಿಂತಿದೆ ಎಂದು ನೋಡಿ ಬರೆಯುತ್ತೇವೆ. ಒಮ್ಮೆ ಶೇ. 40 ಎಂದು ಬರೆದುಕೊಟ್ಟ ಸರಕು ವಾಸ್ತವದಲ್ಲಿ ಶೇ. 55 ಮುಗಿದಿತ್ತು ಎಂದು ಮರುದಿನವೇ ತಿಳಿಯಿತು. ಆಗಲೇ ಆ ತಿಂಗಳ ಲೆಕ್ಕ ಮುಚ್ಚಿದ್ದರು. ಈ ನೀಲಿಶಾಯಿಯವರ 800 ನಗಗಳಿಗೂ ಹಾಗೆಯೇ ಆಗಿದ್ದರೆ ನೀವು ಏನು ಮಾಡುತ್ತೀರಿ? ಬಾಕಿ ಶೇ. 60 ಎಂದೇ ಹಿಡಿಯುತ್ತೀರಾ, ಶೇ. 45 ಎಂದು ತಿದ್ದುತ್ತೀರಾ?

ಗುಣಾಕಾರ

ಇದು ಈ ಪದ್ಧತಿಯ ನಿಜವಾದ ನೋವಿನ ಜಾಗ. ತೂಕದ ಸರಾಸರಿಯಲ್ಲಿ ಆರಂಭಿಕ ಶೇಕಡಾ ಈ ತಿಂಗಳ ಭಾಜಕಕ್ಕೆ ಬೇಕಾಗುವುದೇ ಇಲ್ಲ. ಫಿಫೊದಲ್ಲಿ ಒಂದೇ ಕಣ್ಣಳತೆ ಎರಡು ತಿಂಗಳ ದರಗಳನ್ನೂ ಅಲುಗಾಡಿಸುತ್ತದೆ.

ನಾನು ಶೇ. 60ನ್ನೇ ಹಿಡಿಯುತ್ತೇನೆ. ಕಾರಣ, 4,480 ರೂಪಾಯಿ ಎಂಬ ಮೌಲ್ಯ ಶೇ. 40ರ ಮೇಲೆ ನಿಂತಿದೆ. ಶೇಕಡಾವನ್ನು ಮಾತ್ರ ತಿದ್ದಿ ಹಣವನ್ನು ಹಾಗೆಯೇ ಬಿಟ್ಟರೆ ಸಮಾನ ಘಟಕ 4,260 ಆಗಿ ದರ 15.42 ಬರುತ್ತದೆ, ಆ 800 ನಗಗಳಿಗೆ ನಗವೊಂದಕ್ಕೆ 31.54 ಬೀಳುತ್ತದೆ. ಮೇಲೆ ಹೇಳಿದ ಗಡಿಯ ಪರೀಕ್ಷೆಯಲ್ಲಿ ಅದು ಸೋಲುತ್ತದೆ, ಏಕೆಂದರೆ ಶೇ. 15ರಷ್ಟು ಕೆಲಸಕ್ಕೆ ಎರಡು ತಿಂಗಳಲ್ಲಿ ಯಾವ ತಿಂಗಳೂ ಹಣ ಕೊಟ್ಟಿಲ್ಲ.

ತೂಗುಸೇತುವೆ

ಹಣದ ಮಟ್ಟಿಗೆ ಒಪ್ಪುತ್ತೇನೆ. ಆದರೆ ಶೇ. 60 ಎಂದು ಹಿಡಿದರೆ ಈ ತಿಂಗಳು ಮಾಡದೇ ಇದ್ದ 120 ನಗದಷ್ಟು ಕೆಲಸದ ಶ್ರೇಯ ಈ ತಿಂಗಳ ಪಾಳಿಗೆ ಸೇರಿಬಿಡುತ್ತದೆ. ವಾಸ್ತವ ದರ 15.42 ಇದ್ದಾಗ ಪತ್ರದಲ್ಲಿ 15 ಎಂದು ಬರುತ್ತದೆ. ಈ ತಿಂಗಳ ದರವನ್ನು ಶುದ್ಧವಾಗಿ ತೋರಿಸುವುದೇ ಫಿಫೊದ ಗುಣ ಎಂದು ನೀವೇ ಬರೆದಿದ್ದೀರಿ, ಸರ್. ಹಿಂದಿನ ತಿಂಗಳ ಜನ ಮಾಡಿದ ಕೆಲಸ ಅವರ ಹೆಸರಿನಲ್ಲೇ ಇರಬೇಕಲ್ಲವೇ?

ಗುಣಾಕಾರ

ನಿಮ್ಮ ಆಕ್ಷೇಪ ನ್ಯಾಯವಾದದ್ದು. ಹಾಗೆ ಮಾಡುವುದಾದರೆ ಹಿಂದಿನ ತಿಂಗಳ ಸಮಾನ ಘಟಕವನ್ನೂ 120ರಷ್ಟು ಏರಿಸಿ, ಆ ತಿಂಗಳ 14 ರೂಪಾಯಿಯ ದರವನ್ನು ಇಳಿಸಿ, ಮುಗಿದು ಹೋದ ಸರಕಿನ ವೆಚ್ಚವನ್ನೂ ಆರಂಭಿಕ ಸರಕಿನ ಮೌಲ್ಯವನ್ನೂ ಒಟ್ಟಿಗೆ ತಿದ್ದಬೇಕು. ಮುಚ್ಚಿದ ಖಾತೆಯಲ್ಲಿ ನಾನು ಅದನ್ನು ಮಾಡುವುದಿಲ್ಲ. ವಿಭಾಗದ ಮುಖ್ಯಸ್ಥರಿಗೆ ಕೊಡುವ ವರದಿಯಲ್ಲಿ ಮಾತ್ರ ಎರಡೂ ತಿಂಗಳ ತಿದ್ದಿದ ದರಗಳನ್ನು ಟಿಪ್ಪಣಿಯಾಗಿ ಕೊಡುತ್ತೇನೆ.

ಮರಳುಗಡಿಯಾರ

ನಮ್ಮ ಹಿರಿಯ ಲೆಕ್ಕಿಗರು ಇದಕ್ಕೆ ಒಪ್ಪುವುದಿಲ್ಲ. ಖಾತೆಯಲ್ಲಿ ಒಂದು ದರ, ವರದಿಯಲ್ಲಿ ಇನ್ನೊಂದು ದರ ಇದ್ದರೆ ಮುಂದೆ ಯಾವುದನ್ನು ನಂಬಬೇಕೆಂದು ಯಾರಿಗೂ ತಿಳಿಯುವುದಿಲ್ಲ ಎಂಬುದು ಅವರ ವಾದ; ಸಣ್ಣ ವ್ಯತ್ಯಾಸವಾದರೆ ಬಿಟ್ಟುಬಿಡಿ, ದೊಡ್ಡದಾದರೆ ಖಾತೆಯನ್ನೇ ತಿದ್ದಿ ಎನ್ನುತ್ತಾರೆ. ಎಷ್ಟರಿಂದ ಮೇಲೆ ದೊಡ್ಡದು ಎಂದು ಕೇಳಿದಾಗ ಅವರಿಂದಲೂ ಖಚಿತವಾದ ಉತ್ತರ ಬರಲಿಲ್ಲ.

ನೀಲಿಶಾಯಿ

ತಿದ್ದಿದ ಪತ್ರವನ್ನು ಇಂದು ಒಪ್ಪಿಸಿದೆ. ಮುಂದಿನ ವಿಭಾಗಕ್ಕೆ 1,52,880, ಕೊನೆಯ ಸರಕಿಗೆ 16,500, ಒಟ್ಟು 1,69,380; ಜೊತೆಗೆ 800 ನಗಗಳ 33.60ನ್ನು ಪ್ರತ್ಯೇಕವಾಗಿ ತೋರಿಸಿ, ಅದರ ಎರಡೂ ಬದಿಯಲ್ಲಿ 33 ಮತ್ತು 35ನ್ನು ಬರೆದಿದ್ದೇನೆ. ಮೇಲಧಿಕಾರಿಗಳು ಸಹಿ ಮಾಡಿದರು. ಆಮೇಲೆ ತೂಗುಸೇತುವೆಯವರ ಪ್ರಶ್ನೆಯನ್ನೇ ಅವರ ಮುಂದಿಟ್ಟೆ. ಆ 800ರ ಶೇ. 40ನ್ನು ಯಾರು, ಯಾವ ಹೊತ್ತಿನಲ್ಲಿ ನೋಡಿ ಬರೆದರು ಎಂದು ಉತ್ಪಾದನಾ ವಿಭಾಗದಲ್ಲಿ ಕೇಳಿಕೊಂಡು ಬರಲು ನನ್ನನ್ನು ಕಳುಹಿಸಿದ್ದಾರೆ.